ಪಾರವ್ವನ ಮೈಬಣ್ಣ ಬರೆಯುವುದು ಹೇಗೆ

‘ಒಬ್ಬ ಭಾರತೀಯ ವ್ಯಕ್ತಿ’ ಎಂದಷ್ಟೇ ಬರೆದುಕೊಟ್ಟರೆ ಎಐ ಚಿತ್ರ ತಂತ್ರಾಂಶ ಯಾರ ಚಿತ್ರ ಬರೆದೀತು? 2023ರಲ್ಲಿ ‘ರೆಸ್ಟ್ ಆಫ್ ವರ್ಲ್ಡ್’ ಎಂಬ ಅಂತರಜಾಲ ಪತ್ರಿಕೆ ಇದನ್ನು ಪರೀಕ್ಷಿಸಿತು. ಬೇರೆ ಬೇರೆ ದೇಶಗಳ ಹೆಸರು ಕೊಟ್ಟು ಮಿಡ್‌ಜರ್ನಿಯಿಂದ 3,000 ಚಿತ್ರ ಮಾಡಿಸಿ ನೋಡಿತು. ನಮ್ಮ ದೇಶದ ಪಾಲಿಗೆ ಬಂದವನು ಹೆಚ್ಚುಕಡಿಮೆ ಒಬ್ಬನೇ: ಗಡ್ಡ ಬಿಟ್ಟ ವಯಸ್ಸಾದ ಗಂಡಸು. ಹೆಂಗಸರಿಲ್ಲ, ಮೂವತ್ತರ ಆಟೊ ಚಾಲಕನಿಲ್ಲ, ಕನ್ನಡಕ ಹಾಕಿಕೊಂಡ ಬ್ಯಾಂಕ್ ಗುಮಾಸ್ತನಿಲ್ಲ.

ಕಥೆಗೆ, ಪಠ್ಯಪುಸ್ತಕಕ್ಕೆ, ಆರೋಗ್ಯ ಇಲಾಖೆಯ ಭಿತ್ತಿಪತ್ರಕ್ಕೆ ಈಗ ಇಂಥ ತಂತ್ರಾಂಶಗಳಿಂದಲೇ ಚಿತ್ರ ಮಾಡಿಸುವವರು ಬಹಳ. ಅವರಲ್ಲಿ ಕೆಲವರ ಚಿತ್ರಗಳಲ್ಲಿ ಮಾತ್ರ ಮನುಷ್ಯರು ಮನುಷ್ಯರ ಹಾಗೆ ಇರುತ್ತಾರೆ. ಅದಕ್ಕೆ ಕಾರಣ ದುಬಾರಿ ತಂತ್ರಾಂಶವಲ್ಲ. ಪ್ರಾಂಪ್ಟಿನಲ್ಲಿ ವಯಸ್ಸು, ಮೈಕಟ್ಟು, ಮೈಬಣ್ಣ ಈ ಮೂರನ್ನು ಅವರು ಬರೆಯುವ ರೀತಿ ಬೇರೆ. ಮರ್ಯಾದೆಗೆಂದು ಮಾತನ್ನು ಮೆತ್ತಗೆ ಮಾಡುವುದಿಲ್ಲ, ಕಣ್ಣಿಗೆ ಕಾಣುವುದನ್ನು ಕಂಡಷ್ಟೇ ಬರೆಯುತ್ತಾರೆ. ನಾವು ಸಂಕೋಚದಿಂದ ಬಿಟ್ಟ ಜಾಗವನ್ನು ಯಂತ್ರ ಖಾಲಿ ಬಿಡುವುದಿಲ್ಲ, ತಾನು ಹೆಚ್ಚು ಸಲ ನೋಡಿದ್ದನ್ನು ತಂದು ತುಂಬುತ್ತದೆ ಎಂಬುದು ಅವರಿಗೆ ಗೊತ್ತು.

ಒಂದು ಚಿತ್ರವನ್ನೇ ಇಟ್ಟುಕೊಂಡು ಈ ಕೆಲಸವನ್ನು ನೋಡೋಣ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಡೆಯುವ ಒಂದು ಕಥೆ. ಅದರಲ್ಲಿ ಇಬ್ಬರು ಹೆಂಗಸರು ಒಣಮೆಣಸಿನಕಾಯಿಯ ರಾಶಿಯ ಮುಂದೆ ತೊಟ್ಟು ಬಿಡಿಸುತ್ತಿದ್ದಾರೆ. ಪಾರವ್ವನಿಗೆ ಐವತ್ತೆಂಟು. ಗಿಡ್ಡ ಆಳು, ಮೈ ತುಂಬಿದೆ, ಬಣ್ಣ ಕಡುಗಂದು. ಗಿರಿಜಾಗೆ ಇಪ್ಪತ್ತೇಳು. ಎತ್ತರ, ತೆಳ್ಳಗೆ, ಪಾರವ್ವನಿಗಿಂತ ಒಂದೆರಡು ಛಾಯೆ ತಿಳಿಬಣ್ಣ. ಕಥೆಗಾರರ ಮನಸ್ಸಿನಲ್ಲಿ ಇರುವುದು ಇಷ್ಟು. ಮೊದಲ ಸಲ ಹೆಚ್ಚಿನವರು ಬರೆಯುವುದು ಹೀಗೆ:

```
two Indian women sorting red chillies in a market
```

ಈ ಸಾಲಿಗೆ ಎರಡು ಬಗೆಯ ಫಲ ಬರುತ್ತದೆ. ಒಂದರಲ್ಲಿ ಇಬ್ಬರೂ ಇಪ್ಪತ್ತೈದರ ಅಕ್ಕತಂಗಿಯರು, ಒಂದೇ ಮುಖ, ನುಣುಪು ಕೆನ್ನೆ, ಜಾಹೀರಾತಿನಿಂದ ಇಳಿದು ಬಂದವರಂತೆ. ಇನ್ನೊಂದರಲ್ಲಿ ಇಬ್ಬರೂ ಎಂಬತ್ತರ ಅಜ್ಜಿಯರು, ಮುಖದ ತುಂಬ ಆಳವಾದ ಸುಕ್ಕು, ಮೂಗು ಕಿವಿಗಳಲ್ಲಿ ಯಾವ ಊರಿಗೂ ಸೇರದ ದಪ್ಪ ಬೆಳ್ಳಿ ಒಡವೆ. ಇವೆರಡರ ನಡುವಿನ ಐವತ್ತೆಂಟರ ಹೆಂಗಸು, ಅಂದರೆ ನಮ್ಮ ಮಾರುಕಟ್ಟೆಗಳಲ್ಲಿ ನಿಜವಾಗಿ ಕೂತು ದುಡಿಯುವವರು, ಸುಲಭಕ್ಕೆ ಸಿಗುವುದಿಲ್ಲ.

ಹೀಗಾಗುವುದಕ್ಕೆ ಮೂಲ ಯಂತ್ರ ಕಲಿತ ಪಾಠದಲ್ಲಿದೆ. ಈ ತಂತ್ರಾಂಶಗಳು ಕಲಿಯುವುದು ಚಿತ್ರ ಮತ್ತು ಅದರ ಜೊತೆಗಿನ ಬರಹದ ಜೋಡಿಗಳಿಂದ. 2022ರಲ್ಲಿ ಹೊರಬಂದ ಲೇಯಾನ್-5ಬಿ ಎಂಬ ಸಂಗ್ರಹದಲ್ಲೇ ಅಂಥ ಸುಮಾರು 585 ಕೋಟಿ ಜೋಡಿಗಳಿದ್ದವು, ಎಲ್ಲವೂ ಅಂತರಜಾಲದಿಂದ ಬಾಚಿದ್ದು. ಚಿತ್ರದ ಕೆಳಗೆ ಬರೆಯುವವರು ತಮಗೆ ಮಾಮೂಲಿ ಎನಿಸಿದ್ದನ್ನು ಬರೆಯುವುದಿಲ್ಲ. ಬಿಳಿ ಚರ್ಮದ ಹೆಂಗಸಿನ ಫೋಟೊ ಕೆಳಗೆ ‘ಹೆಂಗಸು’ ಎಂದಷ್ಟೇ ಇರುತ್ತದೆ, ಕಪ್ಪು ಚರ್ಮದವಳ ಫೋಟೊ ಆದರೆ ಬಣ್ಣವೂ ಸೇರುತ್ತದೆ. ಹಾಗಾಗಿ ಬಣ್ಣ ಹೇಳದ ‘ಹೆಂಗಸು’ ಯಂತ್ರದ ಲೆಕ್ಕದಲ್ಲಿ ತಿಳಿಬಣ್ಣದವಳು, ಎಳೆ ವಯಸ್ಸಿನವಳು, ತೆಳ್ಳಗಿನವಳು. ಈ ಮೂರರಲ್ಲಿ ಯಾವುದರಿಂದ ನಮ್ಮ ಪಾತ್ರ ದೂರ ಇದ್ದರೂ ಅದನ್ನು ಬಾಯಿಬಿಟ್ಟು ಹೇಳಲೇಬೇಕು.

ವಯಸ್ಸಿನಿಂದ ಶುರು ಮಾಡೋಣ, ಅದು ಮೂರರಲ್ಲಿ ಸುಲಭದ್ದು. ‘ಹಿರಿಯ ಮಹಿಳೆ’ ಎನ್ನುವುದು ನಮ್ಮ ಮಾತಿನಲ್ಲಿ ಮರ್ಯಾದೆ. ಪ್ರಾಂಪ್ಟಿನಲ್ಲಿ ಮಾತ್ರ ಅದು ಯಂತ್ರವನ್ನು ನೇರ ಎಂಬತ್ತರ ಕಡೆಗೆ ಎಳೆಯುತ್ತದೆ, ಏಕೆಂದರೆ ಆ ಪದ ಅಂಟಿಕೊಂಡಿರುವುದು ವೃದ್ಧಾಶ್ರಮ, ಪಿಂಚಣಿ, ಔಷಧಿಗಳ ಚಿತ್ರಗಳಿಗೆ. ‘ನಡುವಯಸ್ಸು’ ಎಂದರೆ ಮೂವತ್ತೈದಕ್ಕೆ ಜಾರುತ್ತದೆ. ಇವುಗಳ ಬದಲು ಅಂಕಿಯನ್ನೇ ಬರೆದರೆ ಹೆಚ್ಚು ಹತ್ತಿರ ಬರುತ್ತದೆ, ಪತ್ರಿಕೆಗಳು ಫೋಟೊ ಕೆಳಗೆ ವಯಸ್ಸನ್ನು ಅಂಕಿಯಲ್ಲಿ ಕೊಡುವುದರಿಂದ ಯಂತ್ರಕ್ಕೆ ಅದರ ಪರಿಚಯ ಇರುತ್ತದೆ. ಆದರೆ 58 ಎಂದು ಬರೆದ ಮಾತ್ರಕ್ಕೆ 58 ಬರುವುದಿಲ್ಲ. ಅದು ದಿಕ್ಕು ತೋರಿಸುತ್ತದೆ ಅಷ್ಟೆ. ಹೆಂಗಸರ ವಿಷಯದಲ್ಲಂತೂ ಯಂತ್ರ ಹತ್ತು ವರ್ಷ ಕಡಿಮೆ ಮಾಡಿಯೇ ಕೊಡುವುದು ವಾಡಿಕೆ. ಅದಕ್ಕೇ ಅಂಕಿಯ ಜೊತೆ ಎರಡೋ ಮೂರೋ ಕುರುಹು ಬೇಕು: ಬೈತಲೆಯ ಹತ್ತಿರ ನರೆತ ಕೂದಲು, ಹಣೆಯ ಗೆರೆ, ಅಂಗೈ ಹಿಂಭಾಗದಲ್ಲಿ ಎದ್ದು ಕಾಣುವ ನರ.

ಕುರುಹುಗಳನ್ನು ಆರಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ‘ಸುಕ್ಕು’ ಎಂಬ ಪದವನ್ನು ಒಂಟಿಯಾಗಿ ಬಿಟ್ಟರೆ ಯಂತ್ರ ಅದನ್ನು ಮುಖದ ತುಂಬ ಹಚ್ಚುತ್ತದೆ. ಎಲ್ಲಿ ಎಂದು ಹೇಳಿದರೆ ಅಲ್ಲಿಗೆ ನಿಲ್ಲುವ ಸಂಭವ ಹೆಚ್ಚು: ‘ಹಣೆಯ ಮೇಲೆ ಗೆರೆ, ಕಣ್ಣಿನ ಅಂಚಿನಲ್ಲಿ ಸಣ್ಣ ಮಡಿಕೆ’. ಪಾರವ್ವ ಮೈ ತುಂಬಿದ ಹೆಂಗಸು. ತುಂಬಿದ ಕೆನ್ನೆಯಲ್ಲಿ ಐವತ್ತೆಂಟಕ್ಕೆ ಸುಕ್ಕು ಅಷ್ಟೇನೂ ಕಾಣುವುದಿಲ್ಲ, ವಯಸ್ಸು ಕಾಣುವುದು ಕುತ್ತಿಗೆಯಲ್ಲಿ, ಕೈಯಲ್ಲಿ, ಕೂತು ಏಳುವ ರೀತಿಯಲ್ಲಿ. ಇದು ಪ್ರಾಂಪ್ಟ್ ಬರೆಯುವವರಿಗಿಂತ ಮೊದಲು ಭಾವಚಿತ್ರ ಬರೆಯುವ ಕಲಾವಿದರಿಗೆ ಗೊತ್ತಿದ್ದ ವಿಷಯ. ಇಂಥ ಚಿತ್ರವನ್ನು ಕಥೆಗಾರರಿಗೆ ತೋರಿಸಿದಾಗ ಬರುವ ಮೊದಲ ಆಕ್ಷೇಪವೂ ಇದೇ: “ನಮ್ಮ ಪಾರವ್ವ ಇಷ್ಟು ಮುದುಕಿ ಅಲ್ರೀ, ಇನ್ನೂ ದಿನಾ ದುಡೀತಾಳ.”

ಎಳೆಯ ಕಡೆಯ ವಯಸ್ಸಿಗೆ ಒಂದೇ ಎಚ್ಚರಿಕೆ ಸಾಕು. ಇಪ್ಪತ್ತೇಳರ ಗಿರಿಜಾಳನ್ನು ‘ಹುಡುಗಿ’ ಎಂದು ಬರೆಯಬಾರದು. ಮಾತಿನಲ್ಲಿ ನಾವು ಸಲೀಸಾಗಿ ಹಾಗೆನ್ನುತ್ತೇವೆ, ಯಂತ್ರ ಅದಕ್ಕೆ ಹದಿನಾಲ್ಕರ ಮುಖ ಕೊಡುತ್ತದೆ. ‘27 ವರ್ಷದ ಮಹಿಳೆ’ ಎಂದೇ ಬರೆಯಬೇಕು. ಪಾತ್ರ ನಿಜಕ್ಕೂ ಮಗುವಾಗಿದ್ದರೆ ವಯಸ್ಸು, ಉಡುಪು, ಮಾಡುತ್ತಿರುವ ಕೆಲಸ ಇಷ್ಟು ಹೇಳಿದರಾಯಿತು. ಮೈಯ ವರ್ಣನೆಗೆ ಅಲ್ಲಿ ಜಾಗವಿಲ್ಲ.

ಮೈಕಟ್ಟು ಇದಕ್ಕಿಂತ ಕಷ್ಟ, ಏಕೆಂದರೆ ಇಲ್ಲಿ ನಮ್ಮ ಭಾಷೆಯೇ ಕುಹಕಕ್ಕೆ ಹತ್ತಿರ ಇದೆ. ಡುಮ್ಮಿ, ನರಪೇತಲ, ಕಡ್ಡಿ ಎಂದು ನಗುವ ಪದಗಳು ಬೇಕಾದಷ್ಟು. ನಗದೆ ಹೇಳುವ ಪದಕ್ಕೆ ತಡಕಾಡಬೇಕು. ತಡಕಾಟದಲ್ಲಿ ಹಲವರು ಆಸ್ಪತ್ರೆಯ ಭಾಷೆಗೆ ಹೋಗುತ್ತಾರೆ: ಸ್ಥೂಲಕಾಯ, ಅತಿತೂಕ. ಇದು ಸಭ್ಯ ಅನಿಸುತ್ತದೆ, ಆದರೆ ಕೆಲಸ ಕೆಡಿಸುತ್ತದೆ. ಆ ಪದಗಳ ಇಂಗ್ಲಿಷ್ ರೂಪಗಳು ಯಂತ್ರದ ಪಾಠದಲ್ಲಿ ಬಂದಿರುವುದು ರೋಗದ ಲೇಖನಗಳ ಜೊತೆ. ಬರುವ ಚಿತ್ರದಲ್ಲೂ ಮನುಷ್ಯ ರೋಗಿಯಂತೆ ಸೋತು ಕೂತಿರುತ್ತಾನೆ, ತಲೆ ಬಗ್ಗಿರುತ್ತದೆ. ‘ಗುಂಡುಗುಂಡಾಗಿ’ ಎಂಬ ಜಾಡು ಹಿಡಿದರೆ ಕಾರ್ಟೂನ್ ಬರುತ್ತದೆ. ‘ದುಂಡು ಹೊಟ್ಟೆ’ ಎಂದು ಹೆಂಗಸಿಗೆ ಬರೆದರೆ ಯಂತ್ರ ಅವಳನ್ನು ಬಸುರಿ ಮಾಡಿಬಿಡುವುದು ಸಾಮಾನ್ಯ. ಐವತ್ತೆಂಟರ ಪಾರವ್ವನಿಗೆ ಅದು ತೀರಾ ಹೊಂದುವುದಿಲ್ಲ.

ಇದಕ್ಕೆ ಒಳ್ಳೆಯ ಕಸುಬುದಾರರು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆ. ಅವರು ದೇಹಕ್ಕೆ ಒಂದು ಹಣೆಪಟ್ಟಿ ಹುಡುಕುವುದಿಲ್ಲ, ಭಾರ ಎಲ್ಲಿದೆ ಎಂದು ಹೇಳುತ್ತಾರೆ. ಅಗಲ ಭುಜ, ದಪ್ಪ ಮುಂಗೈ, ಚಿಕ್ಕ ಕುತ್ತಿಗೆ, ಸೀರೆಯ ಕೆಳಗೆ ಮೆತ್ತಗಿನ ಹೊಟ್ಟೆ. ಭರ್ಜರಿ ತೂಕದವರೆಲ್ಲ ಒಂದೇ ಆಕಾರದವರಲ್ಲವಷ್ಟೆ. ಕುಸ್ತಿಪಟುವಿನ ದಪ್ಪ ಬೇರೆ, ಕೌಂಟರಿನ ಹಿಂದೆ ಕೂತವರದ್ದು ಬೇರೆ, ಮೂಟೆ ಹೊತ್ತು ಅಗಲವಾದ ಹಮಾಲರದ್ದು ಬೇರೆ. ಪಾರವ್ವನ ಮುಂಗೈ ದಪ್ಪ ಎಂದಾಗ ಅವಳ ಕೆಲಸವೂ ಚಿತ್ರದೊಳಗೆ ಬಂತು. ಗಿರಿಜಾಗೂ ಹಾಗೆಯೇ. ‘ತೆಳ್ಳಗಿನ’ ಎಂದಷ್ಟೇ ಬಿಟ್ಟರೆ ಫ್ಯಾಷನ್ ಮಾಡೆಲ್ ಬರುತ್ತಾಳೆ. ‘ಎದ್ದು ಕಾಣುವ ಕೊರಳ ಎಲುಬು, ಗಟ್ಟಿ ಮೊಣಕೈ, ಉದ್ದ ತೋಳು’ ಎಂದರೆ ದುಡಿಯುವ ಮೈ ಬರುತ್ತದೆ.

ಎತ್ತರದ ವಿಷಯದಲ್ಲಿ ಅಡಿ ಇಂಚುಗಳಿಂದ ಪ್ರಯೋಜನವಿಲ್ಲ. ಚಿತ್ರದೊಳಗೆ ಅಳತೆಪಟ್ಟಿ ಇರುವುದಿಲ್ಲ, ಹಾಗಾಗಿ ಎತ್ತರವನ್ನು ಇನ್ನೊಂದರ ಜೊತೆ ಹೋಲಿಸಿಯೇ ತೋರಿಸಬೇಕು: ಪಾರವ್ವನ ತಲೆ ಗಿರಿಜಾಳ ಭುಜಕ್ಕೆ ಬರುತ್ತದೆ, ಹಿಂದಿನ ಮೂಟೆಗಳ ಸಾಲು ಪಾರವ್ವನಿಗಿಂತ ಎತ್ತರ. ಇಬ್ಬರೂ ಕೂತಿದ್ದರೆ ಈ ಮಾತಿಗೂ ಅರ್ಥ ಕಡಿಮೆಯಾದ್ದರಿಂದ, ಎತ್ತರ ಕಥೆಗೆ ಮುಖ್ಯವಾಗಿದ್ದರೆ ಒಬ್ಬಳನ್ನು ನಿಲ್ಲಿಸುವುದು ಒಳ್ಳೆಯದು.

ಇನ್ನು ಮೈಬಣ್ಣ. ಹೆಚ್ಚು ಕೆಲಸ ಇರುವುದು ಇಲ್ಲೇ.

ಕನ್ನಡದಲ್ಲಿ ಬಣ್ಣಕ್ಕೆ ಪದಗಳ ಬಡತನ ಇಲ್ಲ. ಎಣ್ಣೆಗಪ್ಪು, ಎಣ್ಣೆಗೆಂಪು, ನಸುಗಪ್ಪು, ಕಡುಗಂದು, ಗೋಧಿ ಬಣ್ಣ. ನಸು, ಕಡು, ಎಳೆ ಎಂದು ಮುಂದೆ ಸೇರಿಸಿಕೊಂಡು ಎಷ್ಟು ಮೆಟ್ಟಿಲು ಬೇಕಾದರೂ ಇಳಿಯಬಹುದು. ಬಡತನ ಇರುವುದು ಅವನ್ನು ಬಳಸುವ ಜಾಗದಲ್ಲಿ. ಗೋಧಿ ಬಣ್ಣ ವಧುವರರ ಜಾಹೀರಾತಿನಲ್ಲಿ ಸವೆದುಹೋಗಿದೆ. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎನ್ನುವಾಗ ಕಪ್ಪು ಎಂಬುದರಲ್ಲಿ ಅವಮಾನ ಇಲ್ಲ, ‘ಆದರೂ’ ಎಂಬುದರಲ್ಲಿ ಇದೆ. ಪ್ರಾಂಪ್ಟಿನಲ್ಲೂ ಇದೇ ಸೂತ್ರ. ಕಪ್ಪು ಎಂದು ಬರೆಯಲು ಹಿಂಜರಿಯುವವರು ‘ಸಹಜ ಚೆಲುವಿನ’, ‘ಮುಗ್ಧ ಸೌಂದರ್ಯದ’ ಎಂದೆಲ್ಲ ಸೇರಿಸಿ ಸಮಾಧಾನ ಮಾಡಿಕೊಳ್ಳುತ್ತಾರೆ. ‘ಸುಂದರ’ ಎಂಬ ಪದ ಯಂತ್ರದ ಕೈಯಲ್ಲಿ ಚರ್ಮವನ್ನು ತಿಳಿಯಾಗಿಸುತ್ತದೆ, ಮೂಗನ್ನು ಚೂಪಾಗಿಸುತ್ತದೆ, ಸೊಂಟವನ್ನು ಸಣ್ಣ ಮಾಡುತ್ತದೆ. ಹೊಗಳಲು ಹಾಕಿದ ಪದ ಪಾತ್ರವನ್ನೇ ಅಳಿಸಿರುತ್ತದೆ.

ಎದುರು ದಿಕ್ಕಿನಲ್ಲೂ ಹೀಗೇ ಆಗುತ್ತದೆ. ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ 2023ರಲ್ಲಿ ಸ್ಟೇಬಲ್ ಡಿಫ್ಯೂಷನ್‌ನಿಂದ 5,000ಕ್ಕೂ ಹೆಚ್ಚು ಚಿತ್ರ ಮಾಡಿಸಿ ನೋಡಿದಾಗ, ಹೆಚ್ಚು ಸಂಬಳದ ಕೆಲಸಗಳ ಹೆಸರು ಕೊಟ್ಟರೆ ತಿಳಿಬಣ್ಣದವರೂ ಕಡಿಮೆ ಸಂಬಳದ ಕೆಲಸಗಳಿಗೆ ಗಾಢಬಣ್ಣದವರೂ ಬಂದಿದ್ದರು. ಅಂದರೆ ‘ಬಡ ಕೂಲಿ ಹೆಂಗಸು’ ಎಂದು ಬರೆದರೆ ಬಣ್ಣ ಹೇಳದಿದ್ದರೂ ಬಣ್ಣ ಬಂದುಬಿಡುತ್ತದೆ, ಜೊತೆಗೆ ಕೊಳೆ, ಹರಿದ ಬಟ್ಟೆ, ದೈನ್ಯದ ಮುಖವೂ. ಪಾರವ್ವನ ಕೆಲಸ ಹೇಳಿದರೆ ಸಾಕು, ಅವಳ ಬಡತನವನ್ನು ವಿಶೇಷಣ ಮಾಡಬೇಕಾಗಿಲ್ಲ. ಬಣ್ಣವನ್ನು ಕೆಲಸದಿಂದ ಊಹಿಸಲು ಬಿಡಬಾರದು, ಬೇರೆಯಾಗಿ ಬರೆಯಬೇಕು.

ಬರೆಯುವುದು ಹೇಗೆ? ಮೂರು ವಿಷಯ ಬೇಕು: ಗಾಢತೆ ಎಷ್ಟು, ಒಳಛಾಯೆ ಯಾವುದು, ಬೆಳಕು ಎಂಥದು. ಗಾಢತೆಗೆ ತಿಳಿಗಂದು, ನಡುಗಂದು, ಕಡುಗಂದು, ಅತಿಗಾಢ ಎಂಬ ನೇರ ಪದಗಳು. ಒಳಛಾಯೆ ಎಂದರೆ ಅದೇ ಗಾಢತೆಯ ಇಬ್ಬರ ಚರ್ಮದಲ್ಲಿ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಹಳದಿ, ಮತ್ತೊಬ್ಬರಿಗೆ ನೀಲಿಯ ಕಡೆ ವಾಲುವ ಛಾಯೆ. ಎಣ್ಣೆಗೆಂಪು ಎಂದಾಗ ಕನ್ನಡ ಒಂದೇ ಪದದಲ್ಲಿ ಒಳಛಾಯೆಯನ್ನೂ ಹೊಳಪನ್ನೂ ಹೇಳಿರುತ್ತದೆ, ಪ್ರಾಂಪ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ತಿಂಡಿ ಪಾನೀಯಗಳ ಹೋಲಿಕೆಗೆ ಹೋಗದಿರುವುದು ಒಳ್ಳೆಯದು. ಚಾಕೊಲೇಟ್ ಚರ್ಮ, ಕಾಫಿ ಬಣ್ಣ ಎಂದಾಗ ಮನುಷ್ಯರನ್ನು ತಿನ್ನುವ ವಸ್ತುವಿನಂತೆ ನೋಡಿದ ಹಾಗಾಗುತ್ತದೆ, ಜೊತೆಗೆ ಯಂತ್ರ ಕೆಲವೊಮ್ಮೆ ಮೂಲೆಯಲ್ಲಿ ನಿಜಕ್ಕೂ ಒಂದು ಕಾಫಿ ಲೋಟ ಇಟ್ಟುಬಿಡುತ್ತದೆ.

ಗಾಢತೆಯನ್ನು ಅಳೆಯಲು ಒಂದು ಪಟ್ಟಿ ಇದ್ದರೆ ಅನುಕೂಲ. ಹಳೆಯದು ಫಿಟ್ಜ್‌ಪ್ಯಾಟ್ರಿಕ್ ಮಾಪಕ. ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು, ಚರ್ಮ ಬಿಸಿಲಿಗೆ ಎಷ್ಟು ಸುಡುತ್ತದೆ, ಎಷ್ಟು ಕಪ್ಪಾಗುತ್ತದೆ ಎಂದು ತಿಳಿಯಲು. ಮೊದಲು ಅದರಲ್ಲಿ ಇದ್ದದ್ದು ನಾಲ್ಕೇ ಬಗೆ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದನೆಯದು, ಆರನೆಯದು ಆಮೇಲೆ ಸೇರಿದವು. ನಮ್ಮ ಬಹುಪಾಲು ಜನರನ್ನು ಕೊನೆಯ ಎರಡು ಮೂರು ಗೂಡುಗಳಲ್ಲಿ ತುರುಕುವ ಪಟ್ಟಿ ಚಿತ್ರಕ್ಕೆ ಸಾಲದು. ಹಾರ್ವರ್ಡಿನವರೇ ಆದ ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿ, ಗೂಗಲ್ 2022ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ಮಾಂಕ್ ಮಾಪಕದಲ್ಲಿ ಹತ್ತು ಛಾಯೆಗಳಿವೆ. ಪ್ರತಿಯೊಂದಕ್ಕೂ ಪರದೆಯ ಬಣ್ಣದ ಸಂಕೇತವಿದೆ. ಪಾರವ್ವನಿಗೆ ಎಂಟನೆಯದನ್ನೂ ಗಿರಿಜಾಗೆ ಆರನೆಯದನ್ನೂ ಆರಿಸಿದೆವು ಎನ್ನಿ:

```
Monk 6  #a07e56
Monk 8  #604134
```

ಈ ಸಂಕೇತಗಳನ್ನು ಪ್ರಾಂಪ್ಟಿಗೆ ಹಾಕುವುದರಿಂದ ಭರವಸೆಯ ಫಲ ಸಿಗುವುದಿಲ್ಲ. ಇವು ಇರುವುದು ಬಂದ ಚಿತ್ರವನ್ನು ಪರೀಕ್ಷಿಸಲು. ಅದಕ್ಕೆ ಆಮೇಲೆ ಬರುತ್ತೇನೆ.

ಬೆಳಕನ್ನು ಮರೆಯುವವರೇ ಹೆಚ್ಚು. ಪಾರವ್ವನ ಬಣ್ಣವನ್ನು ಎಷ್ಟೇ ಸರಿಯಾಗಿ ಬರೆದರೂ ಕೊನೆಗೆ ‘ಸಂಜೆಯ ಹೊಂಬಿಸಿಲು’ ಎಂದು ಸೇರಿಸಿದಿರೋ ಎರಡು ಛಾಯೆ ತಿಳಿಯಾಗಿ, ಕಿತ್ತಳೆಗೆ ತಿರುಗಿಬಿಡುತ್ತಾಳೆ. ಸ್ಟುಡಿಯೊ ಬೆಳಕೆಂದರೆ ಚರ್ಮ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ನಮ್ಮ ಚಿತ್ರದಲ್ಲಿ ಇನ್ನೂ ಒಂದು ತೊಡಕಿದೆ. ಮುಂದೆ ಕೆಂಪು ಮೆಣಸಿನಕಾಯಿಯ ದೊಡ್ಡ ರಾಶಿ. ನಿಜವಾದ ಮಾರುಕಟ್ಟೆಯಲ್ಲೂ ಅದರ ಕೆಂಪು ಪ್ರತಿಫಲಿಸಿ ಗಲ್ಲದ ಕೆಳಗೆ, ಕೈಯ ಒಳಭಾಗಕ್ಕೆ ಬೀಳುತ್ತದೆ. ಒಳ್ಳೆಯ ತಂತ್ರಾಂಶಗಳು ಇದನ್ನು ತಾವಾಗಿ ತೋರಿಸುತ್ತವೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಬಣ್ಣ ಸರಿ ಬಂದಿದೆಯೇ ಎಂದು ನೋಡುವವರಿಗೆ ಅದು ಮೋಸ ಮಾಡುತ್ತದೆ. ಮೊದಲ ಸುತ್ತಿಗೆ ಮೋಡದ ದಿನದ ಸಮ ಬೆಳಕನ್ನು ಕೇಳಿ, ಚರ್ಮ ಸರಿ ಹೋದ ಮೇಲೆ ಬಿಸಿಲನ್ನು ಬದಲಿಸುವುದು ಜಾಣತನ.

ಇಷ್ಟನ್ನೂ ಸೇರಿಸಿದರೆ ಪಾರವ್ವನ ಭಾಗ ಹೀಗಾಗುತ್ತದೆ:

```
Documentary photo. A 58-year-old woman sits on the
floor of a chilli market yard, pulling stems off dried
red chillies. Short and heavyset, broad shoulders,
thick forearms. Deep brown
skin, warm reddish undertone, overcast daylight.
Grey hair at the parting, lined forehead.
Faded green cotton sari.
```

ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಕಾರಣ ಇದೆ. ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿಗಳು ಪ್ರಾಂಪ್ಟನ್ನು ತುಂಡುಗಳಾಗಿ ಒಡೆದು ಓದುತ್ತವೆ. ಒಮ್ಮೆಗೆ ಓದುವುದು 77 ತುಂಡು ಮಾತ್ರ, ಅದರಲ್ಲಿ ಎರಡು ಆರಂಭ ಮತ್ತು ಅಂತ್ಯದ ಗುರುತಿಗೆ ಹೋಗುತ್ತವೆ. ಸಾಮಾನ್ಯ ಇಂಗ್ಲಿಷ್ ಪದ ಒಂದೇ ತುಂಡಾದರೆ, ಕನ್ನಡದ ಒಂದು ಪದ ಹಲವು ತುಂಡಾಗಿ ಪುಡಿಯಾಗುತ್ತದೆ. ನಾಲ್ಕು ಸಾಲು ಮುಗಿಯುವುದರೊಳಗೆ ಜಾಗ ಖಾಲಿ. ಹೊಸ ತಂತ್ರಾಂಶಗಳು ಉದ್ದ ಪ್ರಾಂಪ್ಟುಗಳನ್ನು ಓದಬಲ್ಲವು, ಕೆಲವಕ್ಕೆ ಕನ್ನಡವೂ ಬರುತ್ತದೆ. ಹಾಗಿದ್ದರೂ ಮುಖ್ಯವಾದದ್ದನ್ನು ಮೊದಲು ಹೇಳುವ ಅಭ್ಯಾಸ ಒಳ್ಳೆಯದೇ. ವಯಸ್ಸು, ಕೆಲಸ, ಮೈಕಟ್ಟು, ಬಣ್ಣ ಮುಗಿದ ಮೇಲೆ ಸೀರೆಯ ಅಂಚಿಗೆ ಬರಬಹುದು.

ಮೇಲಿನ ಸಾಲುಗಳಲ್ಲಿ ‘ದಕ್ಷಿಣ ಭಾರತೀಯ’ ಎಂಬ ಪದ ಇಲ್ಲದ್ದನ್ನು ಗಮನಿಸಿರಬಹುದು. ಅದನ್ನು ಬರೆದ ಕೂಡಲೇ ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಹಿಂದೊಂದು ಗೋಪುರ ಬರುವ ಚಾಳಿ ಯಂತ್ರಕ್ಕಿದೆ. ಮುಖ ಎಲ್ಲಿಯದೋ ಆಗಿಬಿಟ್ಟರೆ ಊರನ್ನು ಸೇರಿಸಲೇಬೇಕಾಗುತ್ತದೆ. ಆಗ ‘ಉತ್ತರ ಕರ್ನಾಟಕದ ಮಾರುಕಟ್ಟೆ’ ಎಂದು ಜಾಗಕ್ಕೆ ಅಂಟಿಸಿದರೆ ಅಷ್ಟು ಅಲಂಕಾರ ಬರುವುದಿಲ್ಲ.

ಗಿರಿಜಾ ಸೇರಿದಾಗ ನಿಜವಾದ ತೊಂದರೆ ಶುರು. ಇಬ್ಬರಿಗೆ ಬೇರೆ ಬೇರೆ ಗುಣ ಕೊಟ್ಟರೆ ಯಂತ್ರ ಅವನ್ನು ಕಲಸಿಬಿಡುತ್ತದೆ. ಪಾರವ್ವನ ನರೆಗೂದಲು ಗಿರಿಜಾಗೆ ಹೋಗುತ್ತದೆ, ಗಿರಿಜಾಳ ತೆಳ್ಳಗಿನ ಮುಖ ಪಾರವ್ವನಿಗೆ, ಇಬ್ಬರ ಬಣ್ಣವೂ ಸೇರಿ ಸರಾಸರಿಯಾಗುತ್ತದೆ. ಸಾರಿನ ಒಗ್ಗರಣೆ ಪಕ್ಕದ ಪಾತ್ರೆಗೂ ಸಿಡಿದ ಹಾಗೆ. ಕಡಿಮೆ ಮಾಡುವ ಉಪಾಯವೆಂದರೆ ಒಬ್ಬೊಬ್ಬರದ್ದನ್ನೂ ಒಂದೇ ಕಡೆ ಪೂರ್ತಿ ಮುಗಿಸುವುದು, ‘ಎಡಗಡೆ’, ‘ಬಲಗಡೆ’ ಎಂದು ಜಾಗ ಕೊಡುವುದು. ಇಬ್ಬರ ಬಣ್ಣವನ್ನೂ ಒಂದೇ ವಾಕ್ಯದಲ್ಲಿ ಹೇಳಬಾರದು. ಆಗಲೂ ಹೊಂದದಿದ್ದರೆ ಒಬ್ಬರನ್ನೇ ಸರಿಯಾಗಿ ತೆಗೆದು, ಇನ್ನೊಬ್ಬರ ಜಾಗವನ್ನಷ್ಟೇ ಗುರುತು ಮಾಡಿ ಮತ್ತೆ ಬರೆಸಬಹುದು. ಹೆಚ್ಚಿನ ತಂತ್ರಾಂಶಗಳಲ್ಲಿ ಈ ಸೌಲಭ್ಯ ಇದೆ, ಮೂವರಿಗಿಂತ ಹೆಚ್ಚಿದ್ದರೆ ಬಹುಪಾಲು ಇದೇ ದಾರಿ.

ಇಬ್ಬರಿರುವಾಗ ಮರ್ಯಾದೆಯ ಪ್ರಶ್ನೆಯೂ ಹೊಸ ರೂಪ ತಾಳುತ್ತದೆ. ಹಲವರು ಪಾರವ್ವನಿಗೆ ಮಾತ್ರ ಬಣ್ಣ, ದಪ್ಪ, ವಯಸ್ಸು ಬರೆದು ಗಿರಿಜಾಳನ್ನು ‘ಇನ್ನೊಬ್ಬ ಮಹಿಳೆ’ ಎಂದು ಬಿಡುತ್ತಾರೆ. ಅಂದರೆ ಗಿರಿಜಾ ಹೇಳಬೇಕಾಗಿಲ್ಲದವಳು, ಪಾರವ್ವ ವಿವರಣೆ ಬೇಡುವ ವಿಚಿತ್ರ ಎಂದಾಯಿತು. ಯಂತ್ರವೂ ಹಾಗೇ ಓದಿಕೊಂಡು ಗಿರಿಜಾಳನ್ನು ಬಿಳಿ ಮಾಡುತ್ತದೆ. ಒಬ್ಬರ ಚರ್ಮ ಹೇಳಿದರೆ ಎಲ್ಲರದ್ದೂ ಹೇಳಬೇಕು, ಒಬ್ಬರ ಮೈ ಹೇಳಿದರೆ ಎಲ್ಲರದ್ದೂ. ಈ ಕಸುಬಿನಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪದ ನಿಯಮ ಇದೊಂದೇ.

ಯಾರಿಂದಲೂ ಬೈಸಿಕೊಳ್ಳುವುದು ಬೇಡ ಎಂದು ವೈವಿಧ್ಯದ ಪದಗಳನ್ನು ಕುರುಡಾಗಿ ಸುರಿಯುವುದೂ ನಡೆಯುವುದಿಲ್ಲ. ಗೂಗಲ್‌ನ ಜೆಮಿನಿ ಹೀಗೇ ಸಿಕ್ಕಿಬಿತ್ತು. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರನ್ನು ಕೇಳಿದರೂ ನಾನಾ ಜನಾಂಗದವರನ್ನು ಬರೆದುಕೊಟ್ಟು, 2024ರ ಫೆಬ್ರುವರಿಯಲ್ಲಿ ಮನುಷ್ಯರ ಚಿತ್ರ ಕೊಡುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಬಿಟ್ಟು ಬಣ್ಣವನ್ನು ಮೇಲಿನಿಂದ ಚಿಮುಕಿಸಿದರೆ ಆಗುವುದು ಹಾಗೆ. ಪಾರವ್ವನ ಬಣ್ಣ ಪಾರವ್ವನ ಕಥೆಯಿಂದ ಬರಬೇಕು.

ಈಗ ಪರೀಕ್ಷೆ. ಒಂದೇ ಚಿತ್ರ ನೋಡಿ ತೀರ್ಮಾನಿಸಬಾರದು, ಒಂದೇ ಪ್ರಾಂಪ್ಟಿಗೆ ನಾಲ್ಕು ಚಿತ್ರ ಮಾಡಿಸಿ ಅಕ್ಕಪಕ್ಕ ಇಟ್ಟುಕೊಳ್ಳಬೇಕು. ನಾಲ್ಕರಲ್ಲೂ ಕೂದಲು ನರೆತು ಕೆನ್ನೆ ಮಾತ್ರ ನುಣುಪಾಗಿದ್ದರೆ ಯಂತ್ರ ಮೂವತ್ತರವಳಿಗೆ ಬಿಳಿ ವಿಗ್ ಹಾಕಿದೆ ಎಂದರ್ಥ. ಮುಖವನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ನೋಡುವುದು ಒಳ್ಳೆಯ ಉಪಾಯ: ಕೈ, ಕುತ್ತಿಗೆ, ಕೂತ ಭಂಗಿ ಯಾರ ವಯಸ್ಸನ್ನು ಹೇಳುತ್ತಿವೆ? ಮುಖ ಐವತ್ತೆಂಟು, ಬೆರಳು ಇಪ್ಪತ್ತು ಆಗಿರುವುದು ತೀರಾ ಸಾಮಾನ್ಯ. ಬಣ್ಣಕ್ಕೆ ಫೋಟೊ ತಂತ್ರಾಂಶದ ಬಣ್ಣ ಹೆಕ್ಕುವ ಸಾಧನ ಸಾಕು. ಹಣೆಯ ಹೊಳಪಿನ ಮೇಲೆ ಬೇಡ, ಗಲ್ಲದ ಕೆಳಗಿನ ನೆರಳಿನಲ್ಲಿ ಬೇಡ, ಅಲ್ಲಿ ಮೆಣಸಿನಕಾಯಿಯ ಕೆಂಪೂ ಇರುತ್ತದೆ. ಕೆನ್ನೆಯ ಪಕ್ಕದಲ್ಲಿ, ಬೆಳಕು ಸಮವಾಗಿ ಬಿದ್ದ ಕಡೆ ಹೆಕ್ಕಿ ಮಾಂಕ್ ಪಟ್ಟಿಯ ಎಂಟನೆಯ ಛಾಯೆಯ ಪಕ್ಕ ಇಟ್ಟು ನೋಡಬೇಕು. ಕೂದಲೆಳೆಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎಂಟು ಬೇಕಾದ ಕಡೆ ಐದು ಬಂದಿದ್ದರೆ ಪ್ರಾಂಪ್ಟಿನಲ್ಲಿ ಯಾವುದೋ ಪದ ತಿಳಿ ಮಾಡುತ್ತಿದೆ.

ಆ ಪದ ಯಾವುದೆಂದು ಹಿಡಿಯಲು ‘ಸೀಡ್’ ಎಂಬ ಸಂಖ್ಯೆಯನ್ನು ಸ್ಥಿರವಾಗಿಟ್ಟು, ಒಂದು ಸಲಕ್ಕೆ ಒಂದೇ ಪದ ಬದಲಿಸಬೇಕು. ಸೀಡ್, ಪ್ರಾಂಪ್ಟ್, ತಂತ್ರಾಂಶದ ಉಳಿದ ಆಯ್ಕೆಗಳು ಎಲ್ಲವೂ ಅದೇ ಇದ್ದರೆ ಚಿತ್ರವೂ ಹೆಚ್ಚುಕಡಿಮೆ ಅದೇ ಬರುತ್ತದೆ, ಹಾಗಾಗಿ ಬದಲಾದದ್ದೆಲ್ಲ ಆ ಒಂದು ಪದದ ಕೆಲಸ. ಅಪರಾಧಿ ಬಹುಪಾಲು ಬೆಳಕಿನ ಪದವಾಗಿರುತ್ತದೆ ಇಲ್ಲವೇ ಹೊಗಳಿಕೆಯ ಪದ. ‘ಬಿಳಿ ಬೇಡ’, ‘ತೆಳ್ಳಗೆ ಬೇಡ’ ಎಂದು ಪ್ರಾಂಪ್ಟಿನೊಳಗೇ ಬರೆದು ಸರಿಪಡಿಸುವ ಆಸೆ ಎಲ್ಲರಿಗೂ ಆಗುತ್ತದೆ. ಹಳೆಯ ತಂತ್ರಾಂಶಗಳಿಗೆ ‘ಬೇಡ’ ಎಂಬುದು ಸರಿಯಾಗಿ ತಿಳಿಯದು, ಬಿಳಿ ಎಂಬುದಷ್ಟೇ ಕಿವಿಗೆ ಬೀಳುತ್ತದೆ. ಬೇಡದ್ದಕ್ಕೆ ಪ್ರತ್ಯೇಕ ಪೆಟ್ಟಿಗೆ ಇದ್ದರೆ ಅಲ್ಲಿ ಬರೆಯಬೇಕು, ಇಲ್ಲದಿದ್ದರೆ ಬೇಕಾದದ್ದನ್ನೇ ಇನ್ನಷ್ಟು ಸ್ಪಷ್ಟ ಮಾಡಬೇಕು.

ಪಾರವ್ವ ಒಮ್ಮೆ ಸರಿಯಾಗಿ ಬಂದ ಮೇಲೆ ಅವಳ ವಯಸ್ಸು, ಮೈಕಟ್ಟು, ಬಣ್ಣದ ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಕಸುಬಿನವರ ಪದ್ಧತಿ. ಕಥೆಯ ಮುಂದಿನ ಚಿತ್ರದಲ್ಲಿ ಅವಳು ರಾತ್ರಿ ಮನೆಯಲ್ಲಿ ಒಲೆಯ ಮುಂದೆ ಇರಬಹುದು. ಆಗಲೂ ಆ ಮಾತುಗಳಲ್ಲಿ ಒಂದಕ್ಷರ ಬದಲಾಗಬಾರದು, ಬದಲಾಗಬೇಕಾದದ್ದು ಕೆಲಸ, ಜಾಗ ಮತ್ತು ಬೆಳಕು. ಒಲೆಯ ಬೆಳಕಿನಲ್ಲಿ ಅವಳು ಬೇರೆ ಕಾಣುತ್ತಾಳೆ, ನಿಜ. ಅದನ್ನು ಬೆಳಕಿನ ಪದ ಮಾಡಲಿ.

ಪತ್ರಿಕೆಗೆ ಹೋಗುವ ಚಿತ್ರವಾದರೆ ಕೊನೆಯ ಗಂಡಾಂತರ ಮುದ್ರಣದಲ್ಲಿದೆ. ನ್ಯೂಸ್‌ಪ್ರಿಂಟ್ ಕಾಗದ ಶಾಯಿಯನ್ನು ಹೀರಿಕೊಳ್ಳುತ್ತದೆ, ಮುದ್ರಣದ ಚುಕ್ಕಿಗಳು ಹರಡುತ್ತವೆ, ಗಾಢ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪರದೆಯ ಮೇಲೆ ಸ್ಪಷ್ಟವಾಗಿದ್ದ ಪಾರವ್ವನ ಹಣೆಯ ಗೆರೆ, ಕಣ್ಣಂಚಿನ ಮಡಿಕೆ ಎಲ್ಲ ಹೂತುಹೋಗಿ ಮುಖ ಮಸಿಯಾಗುತ್ತದೆ. ಪುಟ ವಿನ್ಯಾಸದವರು ಆಗ ಮಾಡುವ ಸುಲಭ ಕೆಲಸ ಇಡೀ ಮುಖವನ್ನು ಒಂದೇ ಸಲಕ್ಕೆ ಬೆಳ್ಳಗೆ ಮಾಡುವುದು. ಅದನ್ನು ತಡೆಯಲು ಚಿತ್ರದ ಜೊತೆಗೇ ಒಂದು ಸಾಲು ಬರೆದು ಕಳಿಸಬೇಕು: ಚರ್ಮದ ಛಾಯೆ ಮುಟ್ಟಬೇಡಿ, ನಡುಛಾಯೆಗಳ ಅಂತರವನ್ನಷ್ಟೇ ಹೆಚ್ಚಿಸಿ, ಹೊಳಪಿನ ಜಾಗಗಳನ್ನು ಉಳಿಸಿ. ಸಾಧ್ಯವಿದ್ದರೆ ಅದೇ ಕಾಗದದಲ್ಲಿ ಒಂದು ಪ್ರೂಫ್ ತೆಗೆಸಿ, ಮಾಂಕ್ ಪಟ್ಟಿಯ ಆರು ಮತ್ತು ಎಂಟನೆಯ ಛಾಯೆಗಳನ್ನೂ ಚಿತ್ರದ ಅಂಚಿಗೆ ಅಚ್ಚು ಹಾಕಿಸಿದರೆ, ಕಾಗದ ಎಷ್ಟು ಕಪ್ಪು ಮಾಡಿತು, ವಿನ್ಯಾಸದವರು ಎಷ್ಟು ಬಿಳಿ ಮಾಡಿದರು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.